ಕಲ್ಲಿನ ಬಾಯಿಯ ಕಾಳು

ಕೆಳಗೆ ಗಿರಣಿ ಶುರುವಾದಾಗಲೆಲ್ಲ ಮೇಲಿನ ಕೋಣೆಯ ಬಲ್ಬು ಒಮ್ಮೆ ಕುಗ್ಗಿ, ಕೆಂಪಗಾಗಿ, ಮತ್ತೆ ಮೆಲ್ಲಗೆ ಚೇತರಿಸಿಕೊಳ್ಳುತ್ತಿತ್ತು. ಬಲ್ಬಿಗೆ ಅದರಿಂದ ನಷ್ಟವೇನಿರಲಿಲ್ಲ. ಆದರೆ ಅದೇ ತಂತಿಯ ಕೊನೆಯಲ್ಲಿ ಅಪ್ಪನ ಆಕ್ಸಿಜನ್ ಯಂತ್ರವೂ ಇತ್ತು. ಬೆಳಕು ಕುಗ್ಗಿದ ಗಳಿಗೆಯಲ್ಲೇ ಅದು ಗೊಣಗಿ ನಿಂತುಬಿಡುತ್ತಿತ್ತು. ನಿಂತ ಮೇಲೆ ಹಟಮಾರಿ ಮಗುವಿನ ಹಾಗೆ ಒಂದೇ ಸಮನೆ ಕೀಂಯ್‌ಗುಡುತ್ತಿತ್ತು. ಮತ್ತೆ ಹಾಕಿದರೂ ಉಸಿರಿಗೆ ಯೋಗ್ಯವಾದ ಗಾಳಿ ಬರಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಅಪ್ಪ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಭುಜ ಮೇಲೆತ್ತಿ, ಬಾಯಿ ತೆರೆದು ಕೂತಿರುತ್ತಿದ್ದ. ಯಾರಾದರೂ ಬಂದು ಕೊಳವೆಯನ್ನು ಪಕ್ಕದ ಸಿಲಿಂಡರಿಗೆ ಸಿಕ್ಕಿಸಿ ಅದರ ತಿರುಪು ಬಿಚ್ಚಬೇಕು. ತಿರುಪು ಬಿಗಿ, ಅಪ್ಪನ ಬೆರಳಿಗೆ ಬಗ್ಗುತ್ತಿರಲಿಲ್ಲ.

ಮಗಳು ದಿನವೆಲ್ಲ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿಯಲ್ಲಿರುತ್ತಿದ್ದಳು. ಗಿರಣಿ ನಡೆಸುವವನು ಅವಳ ತಮ್ಮ. ಹಾಗಾಗಿ ಅವನ ಕೆಲಸ ಹೀಗೆ ಸಾಗುತ್ತಿತ್ತು: ಗುಂಡಿ ಒತ್ತುವುದು, ಮೋಟರು ವೇಗಕ್ಕೆ ಬರುವುದನ್ನೂ ಕಾಯದೆ ಮೆಟ್ಟಿಲು ಹಾರಿ ಮೇಲೆ ಓಡುವುದು, ಕೊಳವೆ ಬದಲಿಸುವುದು, ಯಂತ್ರ ಮತ್ತೆ ಹಾಕುವುದು, ಅಷ್ಟರಲ್ಲಿ ಕೆಳಗೆ ಹಿಟ್ಟಿನ ಚೀಲ ತುಂಬಿ ನೆಲಕ್ಕೆ ಚೆಲ್ಲುತ್ತಿದ್ದರೆ ಬಂದು ಬಾಚುವುದು. ಅಡಿಯಿಂದ ಮುಡಿಯವರೆಗೆ ಹಿಟ್ಟು ಬಡಿದುಕೊಂಡ ಅವನನ್ನು ಬೀದಿಯವರು ಬಿಳಿಯಪ್ಪ ಅಂತಲೇ ಕರೆಯುತ್ತಿದ್ದರು. ರೆಪ್ಪೆಯ ಮೇಲೂ ಹಿಟ್ಟು. ಅಪ್ಪನಿಗೂ ಒಂದು ಕಾಲಕ್ಕೆ ಅದೇ ಹೆಸರಿತ್ತು. ಆಯುಷ್ಯವಿಡೀ ಆ ದೂಳನ್ನು ಉಸಿರಾಡಿದ್ದ ಎದೆ ಅದು.

ಗಿರಣಿ ಯಜಮಾನರದ್ದು. ನಡೆಸುವವನಿಗೆ ಮೇಲಿನ ಕೋಣೆ. ಕೆಲಸ ಹೋದರೆ ಕೋಣೆಯೂ ಹೋದ ಹಾಗೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೋಣೆಗೊಂದು ಬೇರೆ ಕರೆಂಟು ಕನೆಕ್ಷನ್ ಕೇಳೋಣವೆಂದರೆ ಕಾಗದದಲ್ಲಿ ಅದು ಮನೆಯೇ ಅಲ್ಲ, ಗೋದಾಮು. ಬ್ಯಾಟರಿಯ ಇನ್ವರ್ಟರ್ ತಂದೂ ನೋಡಿದ್ದರು. ಆಕ್ಸಿಜನ್ ಯಂತ್ರದ ಹೊಟ್ಟೆಯಲ್ಲೂ ಒಂದು ಪುಟ್ಟ ಮೋಟರಿದೆ. ಅದೂ ಏಳುವಾಗ ಕರೆಂಟಿಗೆ ಬಾಯಿ ದೊಡ್ಡದು ಮಾಡುತ್ತದೆ. ಇನ್ವರ್ಟರ್ ಒಮ್ಮೆ ಚೀರಿ ಆರಿಹೋಯಿತು. ಡಾಕ್ಟರು ಮನೆಗೆ ಕಳಿಸುವಾಗ ಅಪ್ಪನ ಎದೆಯ ಚಿತ್ರ ತೋರಿಸಿ ಹೆಚ್ಚೇನೂ ಹೇಳಿರಲಿಲ್ಲ. ಉಸಿರು ಎಷ್ಟು ದಿನವಿರುತ್ತದೆ ಎನ್ನುವುದು ಯಾರ ಕೈಯಲ್ಲೂ ಇರಲಿಲ್ಲ. ಇರುವಷ್ಟು ದಿನ ಅದು ನಡುನಡುವೆ ಕಡಿದು ಬೀಳದಂತೆ ಮಾಡಬಹುದಲ್ಲ, ಅಷ್ಟನ್ನು ಮಾತ್ರ ಮಗಳು ತನ್ನ ಕೈಯಲ್ಲಿದೆ ಎಂದು ನಂಬಿದ್ದಳು.

"ಏನೇ, ಮುಖ ಒಣಗಿದ ವಾರ್ನಿಷ್ ಥರ ಮಾಡ್ಕೊಂಡಿದ್ದೀಯ" ಎಂದರು ಅಂಗಡಿಯ ಮೇಸ್ತ್ರಿ ಒಂದು ಬೆಳಗ್ಗೆ. ಅವರ ಮುಂದೆ ಸುಟ್ಟ ಮೋಟರೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.

ಅವಳು ಹೇಳಿದಳು. ಮೇಸ್ತ್ರಿ ಕರಿ ತಂತಿಯನ್ನು ಇಕ್ಕಳದಲ್ಲಿ ಎಳೆಯುತ್ತಲೇ ಕೇಳಿದರು: "ಈಗಿರೋದು ಡೈರೆಕ್ಟ್ ಸ್ಟಾರ್ಟರ್ರಾ?"

"ಹೂಂ. ಓಡುವಾಗ ಇಪ್ಪತ್ತು ಆಂಪಿಯರ್ ಎಳೆಯುತ್ತೆ. ಶುರುವಿಗೆ ತಂತಿಗೆ ಟಾಂಗ್ ಟೆಸ್ಟರ್ ಕಚ್ಚಿಸಿ ಅಳೆದ್ರೆ ನೂರ ಮೂವತ್ತರ ಹತ್ತಿರ ಹೋಗುತ್ತೆ."

"ಮೂಲೇಲಿ ಒಂದು ಸ್ಟಾರ್-ಡೆಲ್ಟಾ ಪೆಟ್ಟಿಗೆ ಇದೆ ನೋಡು, ಮೋಟರನ್ನ ಮೆಲ್ಲಗೆ ಎಬ್ಬಿಸೋದು. ಆ ಮುಚ್ಚಿಹೋದ ಕಾರ್ಖಾನೆಯೋರು ಬಿಟ್ಟು ಹೋಗಿದ್ದು. ಜೇಡ ಸಂಸಾರ ಹೂಡಿದೆ. ಓಡಿಸಿ, ತಗೊಂಡು ಹೋಗು." ಒಂದು ಕ್ಷಣ ಕೈ ನಿಲ್ಲಿಸಿದರು. "ಲೋಡ್ ಹೇಗೆ? ಹೊರೆ ಹೊತ್ಕೊಂಡು ಏಳಬೇಕಾ, ಬರಿಗೈಲಿ ಏಳುತ್ತಾ?"

"ಗಿರಣಿ ಮೇಸ್ತ್ರಿ. ಕಲ್ಲು ತಿರುಗೋಕೆ ಶುರುವಾದ ಮೇಲೇ ಕಾಳು ಬಿಡೋದು."

"ಹಾಗಾದ್ರೆ ಸರಿ" ಎಂದು ಮೇಸ್ತ್ರಿ ಮತ್ತೆ ತಂತಿ ಎಳೆದರು.

ಆ ಗಿರಣಿಯ ಮೇಲೆಯೇ ಅವಳು ಹುಟ್ಟಿ ಬೆಳೆದಿದ್ದಳು. ಕಲ್ಲಿನ ಸದ್ದಿಗೆ ಮಲಗಿ ಕಲ್ಲಿನ ಸದ್ದಿಗೆ ಎದ್ದವಳು. ಆದರೆ ಬೆಲ್ಟಿನ ಹತ್ತಿರ ಹೆಣ್ಣುಮಗು ಬರಕೂಡದೆಂದು ಅಪ್ಪ ಗೆರೆ ಎಳೆದಿದ್ದ. ಜಡೆ ಸಿಕ್ಕಿಕೊಂಡರೆ ಗತಿಯೇನು ಎಂಬ ಹೆದರಿಕೆ. ಹಾಗಾಗಿ ಕಲ್ಲಿನ ವಿಷಯವೆಲ್ಲ ತಮ್ಮನ ಕಿವಿಗೆ ಬಿದ್ದಿತ್ತು, ಅವಳ ಕಿವಿಗೆ ಬಿದ್ದಿರಲಿಲ್ಲ. ಮೇಸ್ತ್ರಿಗೆ ಹೇಳಿದ್ದು ಅವಳು ಕಂಡದ್ದಲ್ಲ, ಹಾಗಿರಬೇಕೆಂದುಕೊಂಡದ್ದು.

ಯಜಮಾನರು ತಕರಾರು ಮಾಡಲಿಲ್ಲ. "ಹೊಸದು ಹಾಕೋದಾದ್ರೆ ಹಾಕ್ಕೊಳ್ಳಮ್ಮ. ಹಿಟ್ಟು ಮಾತ್ರ ಹೀಗೇ ಬರಬೇಕು. ಬೇಕರಿಯವನು ಎಷ್ಟು ನಾಜೂಕಿನವನು ಅಂತ ಗೊತ್ತಲ್ಲ" ಎಂದಷ್ಟೇ ಹೇಳಿದರು. ಹಿಟ್ಟಿನ ಮುಕ್ಕಾಲು ಪಾಲು ಕೊಳ್ಳುವವನು ಆ ಬೇಕರಿಯವನೇ.

ವಾರದ ರಜೆಗೆ ಕಲ್ಲು ಕೊರೆಯುವವನೂ ಬರುವವನಿದ್ದ. ಮೇಲಿನ ಕಲ್ಲನ್ನು ಎತ್ತಿ, ಸವೆದ ಗೀರುಗಳನ್ನು ಉಳಿಯಿಂದ ಹೊಸದು ಮಾಡುವ ಕೆಲಸ. ಗಿರಣಿ ಹೇಗೂ ನಿಂತಿರುತ್ತದೆ, ತನ್ನ ಕೆಲಸವೂ ಆಗಲಿ ಎಂದು ಅವಳು ಅದೇ ದಿನ ಆರಿಸಿಕೊಂಡಳು. ಹಿಂದಿನ ಸಂಜೆ ಪೆಟ್ಟಿಗೆಯನ್ನು ಅಪ್ಪನ ಕೋಣೆಯಲ್ಲೇ ಬಿಚ್ಚಿ ಒರೆಸುತ್ತಾ ಕೂತಿದ್ದಳು. ಅಪ್ಪ ಮೂಗಿಗೆ ಕೊಳವೆ ಹಾಕಿಕೊಂಡು ನೋಡುತ್ತಿದ್ದ. ಈಚೆಗೆ ಅವನ ಮಾತು ತುಂಡುತುಂಡಾಗಿ ಬರುತ್ತಿತ್ತು. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು.

"ನನಗೊಂದು ಅರ್ಥ ಆಗಿಲ್ಲ ಕಣಮ್ಮ. ದಿನವೆಲ್ಲ ಮೂಟೆಗಟ್ಟಲೆ ಬೀಸುವಾಗ ತಣ್ಣಗಿರೋ ಮೋಟರು... ಏಳೋ ಒಂದು ಗಳಿಗೆಗೆ ಯಾಕೆ ಅಷ್ಟು ಕುಡಿಯುತ್ತೆ?"

ಅವಳು ಬಟ್ಟೆ ಕೆಳಗಿಟ್ಟಳು. ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ.

"ಮೋಟರ್ ಒಳಗೆ ಸುತ್ತ ಸುರುಳಿ ಇದೆಯಲ್ಲ ಅಪ್ಪ, ಅದಕ್ಕೆ ಮೂರು ಫೇಸ್ ಕರೆಂಟು ಕೊಟ್ರೆ ಒಂದು ಸೆಳೆತ ಗುಂಡಗೆ ಸುತ್ತೋಕೆ ಶುರುವಾಗುತ್ತೆ. ಕಣ್ಣಿಗೆ ಕಾಣಲ್ಲ. ಕೊಟ್ಟ ತಕ್ಷಣ ಅದು ಪೂರ್ತಿ ವೇಗದಲ್ಲಿ ಸುತ್ತುತ್ತೆ, ಅದಕ್ಕೆ ನಿಧಾನ ಅನ್ನೋದಿಲ್ಲ. ನಡುವಿನ ದಿಂಡು ಮಾತ್ರ ಇನ್ನೂ ನಿಂತಿರುತ್ತೆ. ಆ ದಿಂಡಿಗೆ ಯಾವ ತಂತೀನೂ ಹೊರಗಿಂದ ಬಂದಿಲ್ಲ. ಬರೀ ಸರಳುಗಳು, ಎರಡು ಕಡೇನೂ ತುದಿ ಸೇರಿಸಿ ಬೆಸೆದಿರೋದು. ಸೆಳೆತ ಸರಳಿನ ಮೇಲೆ ಹಾದುಹೋದಾಗ ಅದರಲ್ಲಿ ಕರೆಂಟು ಹುಟ್ಟುತ್ತೆ. ಎಷ್ಟು ರಭಸವಾಗಿ ಹಾಯುತ್ತೋ ಅಷ್ಟು ಜೋರು. ನೀನು ಹಳಿ ಪಕ್ಕ ನಿಂತಿದ್ದಾಗ ರೈಲು ಹೋದ್ರೆ ಹೇಗೆ ಬಡಿಯುತ್ತೆ?"

"ಮೈ ಅಲ್ಲಾಡಿಸುತ್ತೆ."

"ನೀನೂ ಪಕ್ಕದ ರೈಲಲ್ಲಿ ಅದೇ ಕಡೆಗೆ, ಹೆಚ್ಚುಕಮ್ಮಿ ಅದೇ ವೇಗದಲ್ಲಿ ಹೋಗ್ತಿದ್ರೆ?"

"ಅದು ನಿಂತ ಹಾಗೇ ಇರುತ್ತೆ."

"ಅಷ್ಟೇ. ದಿಂಡು ನಿಂತಿರುವಾಗ ರೈಲು ಮೈಮೇಲೆ ಹಾದ ಹಾಗೆ. ಸರಳಲ್ಲಿ ಕರೆಂಟು ಉಕ್ಕುತ್ತೆ. ಒಳಗೆ ಉಕ್ಕಿದ್ದಕ್ಕೆ ಸರಿಯಾಗಿ ಹೊರಗಿನ ಸುರುಳಿ ಲೈನಿಂದ ಎಳ್ಕೊಳ್ಳಲೇಬೇಕು. ಆರೇಳು ಪಟ್ಟು. ದಿಂಡು ವೇಗ ಹಿಡಿದ ಹಾಗೆ ಸೆಳೆತಕ್ಕೂ ಅದಕ್ಕೂ ವ್ಯತ್ಯಾಸ ಕಮ್ಮಿ ಆಗ್ತಾ ಬರುತ್ತೆ, ಕರೆಂಟೂ ಇಳಿಯುತ್ತೆ."

"ಪೂರ್ತಿ ಸಮ ಆಗಿಬಿಟ್ರೆ?"

"ಆಗಲ್ಲ. ಆದ್ರೆ ಸರಳಲ್ಲಿ ಕರೆಂಟೇ ಹುಟ್ಟಲ್ಲ, ತಿರುಗಿಸೋ ಬಲವೇ ಇರಲ್ಲ. ಯಾವಾಗ್ಲೂ ಚೂರು ಹಿಂದೇನೇ ಬಿದ್ದಿರುತ್ತೆ."

ಯಂತ್ರ ಉಸ್ಸೆಂದು ತುಂಬಿಕೊಂಡು ಉಸ್ಸೆಂದು ಬಿಡುತ್ತಿತ್ತು. "ನನ್ನ ಥರ" ಎಂದ ಅಪ್ಪ ಕೊನೆಗೆ. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

"ಈ ಪೆಟ್ಟಿಗೆ ಏನು ಮಾಡುತ್ತೆ?"

ಅವಳು ಮೂರು ಬೆಂಕಿಕಡ್ಡಿ ತೆಗೆದು ಹಾಸಿಗೆಯ ಮೇಲೆ ತ್ರಿಕೋನವಾಗಿ ಇಟ್ಟಳು. "ಇವು ಮೂರು ಸುರುಳಿ. ಹೀಗೆ ಕಟ್ಟಿದ್ರೆ ಡೆಲ್ಟಾ. ಒಂದೊಂದಕ್ಕೂ ಲೈನಿನ ಪೂರ್ತಿ ವೋಲ್ಟೇಜು ಸಿಗುತ್ತೆ. ನಮ್ಮ ಮೋಟರು ಓಡಬೇಕಾದ್ದು ಹೀಗೇನೇ." ಕಡ್ಡಿಗಳನ್ನು ಸರಿಸಿ ಮೂರರ ಒಂದೊಂದು ತುದಿಯನ್ನು ನಡುವೆ ಕೂಡಿಸಿದಳು. "ಹೀಗೆ ಕಟ್ಟಿದ್ರೆ ಸ್ಟಾರ್. ಒಂದೊಂದಕ್ಕೆ ನೂರಕ್ಕೆ ಐವತ್ತೆಂಟು ಪಾಲು ಮಾತ್ರ. ಆಗ ಲೈನಿಂದ ಎಳೆಯೋದು ಮೂರರಲ್ಲೊಂದು ಆಗುತ್ತೆ. ನೂರ ಮೂವತ್ತು ಎಳೆಯೋ ಕಡೆ ನಲವತ್ಮೂರು. ಬಲ್ಬು ಕುಗ್ಗಲ್ಲ, ನಿನ್ನ ಮಿಷನ್ ನಿಲ್ಲಲ್ಲ. ಮೋಟರು ವೇಗಕ್ಕೆ ಬಂದ್ಮೇಲೆ ಟೈಮರ್ ತಾನೇ ಡೆಲ್ಟಾಗೆ ಬದಲಾಯಿಸುತ್ತೆ. ಅಷ್ಟೊತ್ತಿಗೆ ಹಸಿವು ಇಳಿದಿರುತ್ತೆ."

"ಕಮ್ಮಿ ಕೊಟ್ರೆ ಬಲಾನೂ ಕಮ್ಮಿ ಆಗಬೇಕಲ್ಲ."

"ಆಗುತ್ತೆ. ಅದೂ ಮೂರರಲ್ಲೊಂದೇ. ಬರೀ ಕಲ್ಲು ತಿರುಗಿಸೋಕೆ ಅಷ್ಟು ಸಾಕು."

"ಬರೀ ಕಲ್ಲು" ಎಂದ ಅಪ್ಪ. ಏನೋ ಹೇಳಲು ಹೊರಟವನಂತೆ ಅವಳನ್ನು ನೋಡಿದ. ಅವಳು ಪೆಟ್ಟಿಗೆಯ ಹಿತ್ತಾಳೆ ತುದಿಗಳನ್ನು ಉಜ್ಜುತ್ತಿದ್ದಳು, ಬಹಳ ದಿನದ ಮೇಲೆ ಏನನ್ನೋ ಗುನುಗುತ್ತಿದ್ದಳು. ಅಪ್ಪ ಗೋಡೆಯ ಕಡೆ ಮಗ್ಗುಲಾದ.

ಮಾರನೆಯ ದಿನ ಅವಳು ಜಡೆಯನ್ನು ಗಂಟು ಹಾಕಿ ಗಿರಣಿಗೆ ಇಳಿದಳು. ಮೋಟರಿನ ಬಾಯಿಪೆಟ್ಟಿಗೆ ಬಿಚ್ಚಿ, ಆರು ತುದಿಗಳನ್ನು ಗುರುತು ಹಾಕಿಕೊಂಡು, ಅವುಗಳನ್ನು ಬೆಸೆದಿದ್ದ ಪಟ್ಟಿಗಳನ್ನು ತೆಗೆದು, ಆರು ತಂತಿ ಎಳೆದು ಪೆಟ್ಟಿಗೆಗೆ ಸೇರಿಸಿದಳು. ಸ್ಟಾರ್ ಮತ್ತು ಡೆಲ್ಟಾ ಎರಡೂ ಒಟ್ಟಿಗೆ ಕಚ್ಚಿಕೊಳ್ಳದಂತೆ ಇರುವ ತಡೆಯನ್ನು ಮೂರು ಸಲ ಪರೀಕ್ಷಿಸಿದಳು. ಅಷ್ಟರಲ್ಲಿ ಕಲ್ಲು ಕೊರೆದವನು ಉಳಿ ಕಟ್ಟಿಕೊಂಡು ಹೊರಟ. ಕಲ್ಲುಗಳು ಇನ್ನೂ ದೂರದೂರ ಇದ್ದವು.

"ಹಾಕೋ" ಎಂದಳು ತಮ್ಮನಿಗೆ.

ಮೋಟರು ಮೆಲ್ಲಗೆ, ಯಾರನ್ನೂ ಎಬ್ಬಿಸಬಾರದೆಂಬಂತೆ ಎದ್ದಿತು. ಸದ್ದು ಏರುತ್ತಾ ಏರುತ್ತಾ ಹೋಗಿ ಒಂದು ಮಟ್ಟಕ್ಕೆ ನಿಂತಾಗ ಪೆಟ್ಟಿಗೆಯೊಳಗೆ ಟಕ್ ಎಂದು ಬದಲಾಯಿತು. ತಲೆಯ ಮೇಲಿನ ದೀಪ ಒಂದು ಚೂರು ಮಿಟುಕಿತು, ಅಷ್ಟೇ. ಇಬ್ಬರೂ ಉಸಿರು ಹಿಡಿದು ಮೇಲಿನ ಕೋಣೆಗೆ ಕಿವಿಗೊಟ್ಟರು. ಕೀಂಯ್ ಎನ್ನುವ ಸದ್ದು ಬರಲಿಲ್ಲ. ತಮ್ಮ ನಾಲ್ಕೈದು ಸಲ ನಿಲ್ಲಿಸಿ ಹಾಕಿದ, ಮಗು ಬಾಗಿಲು ತೆಗೆದು ಮುಚ್ಚಿ ಆಡುವ ಹಾಗೆ.

"ಅಕ್ಕ, ನಿನ್ನ ಕೈಗೆ ಚಿನ್ನದ ಬಳೆ ಹಾಕಿಸಬೇಕು ಕಣೇ" ಎಂದ.

"ಮೊದಲು ಆ ಗುಂಡಿ ಬಿಡು, ಸವೆದುಹೋಗುತ್ತೆ."

ಸಂಜೆ ಕಲ್ಲು ಹೊಂದಿಸುವ ಕೆಲಸ. ಎರಡು ಕಲ್ಲಿನ ನಡುವೆ ಎಷ್ಟು ಸಂದು ಇರಬೇಕೆನ್ನುವುದು ಪಕ್ಕದ ಕೈಚಕ್ರದ ತಿರುಪಿನಲ್ಲಿದೆ. ತಮ್ಮ ಒಂದು ಹಿಡಿ ಬೀಸಿ, ಹಿಟ್ಟನ್ನು ತಟ್ಟೆಯಲ್ಲಿ ಮೇಲೆ ಒಯ್ಯುತ್ತಿದ್ದ. ಅಪ್ಪ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದನ್ನು ಉಜ್ಜಿ, ಕಣ್ಣುಮುಚ್ಚಿ, "ಇನ್ನೊಂದು ಎಳೆ ಬಿಗಿ" ಎನ್ನುತ್ತಿದ್ದ. ಕತ್ತಲಾಗುವ ಹೊತ್ತಿಗೆ ಒಮ್ಮೆ ಉಜ್ಜಿದವನು ಸರಿಯೆಂದು ತಲೆಯಾಡಿಸಿದ. ತಮ್ಮ ಕೆಳಗೆ ಬಂದು ಚಕ್ರದ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿದು ಬೀಗ ಹಾಕಿದ. ಮುಂದಿನ ಕೊರೆತದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬೇಕರಿಯವನು ದೂರದ ದೊಡ್ಡ ಗಿರಣಿ ಬಿಟ್ಟು ಇಲ್ಲಿಗೆ ಬರುತ್ತಿದ್ದುದು ಆ ಹೆಬ್ಬೆರಳಿಗಾಗಿ.

ಮರುದಿನ ಅವಳು ಅಂಗಡಿಯಲ್ಲಿ ಸುರುಳಿ ಕಟ್ಟುತ್ತಿದ್ದಾಗ ತಮ್ಮನ ಫೋನು ಬಂತು. "ಅಕ್ಕ, ಎದ್ದೇಳ್ತಿಲ್ಲ ಇದು. ಗುಂಯ್ ಅನ್ನುತ್ತೆ, ಮಿಸುಕಲ್ಲ. ಆಮೇಲೆ ಟಕ್ ಅಂದು ಒದ್ದ ಹಾಗೆ ಏಳುತ್ತೆ. ಲೈಟು ಮೊದಲಿಗಿಂತ ಕೆಟ್ಟದಾಗಿ ಬೀಳುತ್ತೆ. ಅಪ್ಪ ಬೆಳಗ್ಗಿಂದ ಮೂರು ಸಲ ಒದ್ದಾಡಿದ."

ಅವಳು ಬಂದು ಟಾಂಗ್ ಟೆಸ್ಟರ್ ಹಿಡಿದು ನಿಂತಳು. ತಮ್ಮ ಗುಂಡಿ ಒತ್ತಿದ. ಮುಳ್ಳು ನಲವತ್ತರ ಆಚೆಗೆ ಹೋಗಿ ಅಲ್ಲೇ ಕೂತಿತು. ಇಳಿಯಲೇ ಇಲ್ಲ. ದಿಂಡು ನಿಂತೇ ಇತ್ತು. ಬೆಲ್ಟು ಬಿಗಿದುಕೊಂಡು ನಡುಗುತ್ತಿತ್ತು. ಟೈಮರಿಗೆ ಕಣ್ಣಿಲ್ಲ, ತನ್ನ ಹೊತ್ತು ಮುಗಿದ ಕೂಡಲೇ ಅದು ಡೆಲ್ಟಾಗೆ ಬದಲಾಯಿಸಿತು. ನಿಂತ ಮೋಟರಿನ ಮೇಲೆ ಪೂರ್ತಿ ವೋಲ್ಟೇಜು ಬಿತ್ತು. ಮುಳ್ಳು ನೂರ ಮೂವತ್ತಕ್ಕೆ ಚಿಮ್ಮಿತು. ದೀಪ ಕೆಂಪಗಾಯಿತು. ಮೇಲಿನಿಂದ ಕೀಂಯ್ ಎಂದು ಕೇಳಿಸಿತು. ತಮ್ಮ ಆಗಲೇ ಮೆಟ್ಟಿಲ ಮೇಲಿದ್ದ.

ಅವನು ಇಳಿದು ಬಂದಾಗ ಅವಳು ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. "ನಿಲ್ಲಿಸು. ನೀನು ದಿನಾ ಹೇಗೆ ನಿಲ್ಲಿಸ್ತೀಯೋ ಹಾಗೇ ನಿಲ್ಲಿಸು."

ತಮ್ಮ ಕೆಂಪು ಗುಂಡಿ ಒತ್ತಿದ. ಕಲ್ಲು ನಿಧಾನವಾಗಿ ನಿಂತ ಮೇಲಷ್ಟೇ ಕಾಳಿನ ತೂಬು ಮುಚ್ಚಿದ.

"ಮೊದಲು ತೂಬು ಯಾಕೆ ಮುಚ್ಚಲ್ಲ?"

"ಮುಚ್ಚಿದ್ರೆ ಕಲ್ಲಿನ ಬಾಯಿ ಬರಿದಾಗುತ್ತಲ್ಲ. ಕಲ್ಲಿಗೆ ಕಲ್ಲು ಉಜ್ಜಿ ಗೀರು ಸಾಯುತ್ತೆ, ಹಿಟ್ಟಿಗೆ ಮರಳು ಬೀಳುತ್ತೆ." ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದ. "ನಿಲ್ಲಿಸುವಾಗ ಒಂದು ಹಿಡಿ ಕಾಳು ಕಲ್ಲಿನ ಬಾಯಲ್ಲಿ ಇರಲೇಬೇಕು. ಅಪ್ಪ ನನಗೆ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು. ಕಿವಿ ಹಿಂಡಿ ಹೇಳಿಕೊಟ್ಟಿದ್ದು."

ಅವಳು ಕಲ್ಲಿನ ಸಂದಿಗೆ ಕಣ್ಣಿಟ್ಟಳು. ನಿನ್ನೆ ಎದ್ದದ್ದು ಬಾಯಿ ತೆರೆದ ಬರೀ ಕಲ್ಲು. ದಿನದಿನವೂ ಏಳಬೇಕಾದ್ದು ಎರಡು ಕಲ್ಲಿನ ನಡುವೆ ಬಿಗಿಯಾಗಿ ಕಚ್ಚಿಕೊಂಡ ಕಾಳಿನ ಸಮೇತ. ಮೂರರಲ್ಲೊಂದು ಬಲಕ್ಕೆ ಅದು ಮಣಿಯುವುದಿಲ್ಲ. ಟೈಮರಿನ ಹೊತ್ತು ಹೆಚ್ಚಿಸಿದರೆ ಹೆಚ್ಚು ಹೊತ್ತು ಗುಂಯ್ ಎಂದು ಸುರುಳಿ ಬಿಸಿಯಾಗುತ್ತದೆ. ಕಡಿಮೆ ಮಾಡಿದರೆ ಹಳೆಯ ಸ್ಟಾರ್ಟರೇ ಆಯಿತು.

ಮೇಸ್ತ್ರಿಯನ್ನು ಕೇಳಿದಳು. ಅವರು ಬೆರಳ ನಡುವಿನ ಬೀಡಿ ಆರುವವರೆಗೂ ಯೋಚಿಸಿದರು. "ವೋಲ್ಟೇಜು ಇಳಿಸಿ ಕರೆಂಟು ಉಳಿಸೋ ಯಾವ ದಾರಿ ಹಿಡಿದ್ರೂ ಬಲ ಹೋಗುತ್ತೆ ಮಗಾ. ಎರಡೂ ಬೇಕು ಅಂದ್ರೆ ಸೆಳೆತವನ್ನೇ ನಿಧಾನಕ್ಕೆ ಸುತ್ತಿಸೋ ಡ್ರೈವ್ ಅನ್ನೋ ದುಬಾರಿ ಪೆಟ್ಟಿಗೆ ಹಾಕಬೇಕು. ಅದನ್ನ ಹಾಕೋ ಬದಲು ನಿಮ್ಮ ಯಜಮಾನ ಗಿರಣಿ ಮುಚ್ಚಿ ಮಳಿಗೆ ಮಾಡ್ತಾನೆ. ಕಲ್ಲಿನ ಸಂದು ಬಿಚ್ಚಿ ಶುರು ಮಾಡೋಕೆ ನಿನ್ನ ತಮ್ಮನಿಗೆ ಹೇಳು."

ಹೇಳಿದಳು. ತಮ್ಮ ಒಲ್ಲೆನೆನ್ನಲಿಲ್ಲ. ಕೈಚಕ್ರಕ್ಕೂ ಚೌಕಟ್ಟಿಗೂ ಅವಳು ಕೆಂಪು ಬಣ್ಣದ ಗೆರೆ ಎಳೆದುಕೊಟ್ಟಳು. ಏಳುವಾಗ ಬಿಚ್ಚು, ಎದ್ದ ಮೇಲೆ ಗೆರೆಗೆ ಗೆರೆ ಕೂಡಿಸು. ಮೋಟರು ಮತ್ತೆ ಮೆಲ್ಲಗೆ ಏಳತೊಡಗಿತು. ಮೇಲೆ ಯಂತ್ರ ನಿಲ್ಲಲಿಲ್ಲ. ಆ ವಾರ ಅಪ್ಪ ಹಗಲು ನಿದ್ದೆ ಮಾಡಿದ; ಕಣ್ಣ ಕೆಳಗಿನ ನೀಲಿ ತಿಳಿಯಾಯಿತು. ಒಂದು ಸಂಜೆ ದಿಂಬಿಗೊರಗಿ ಕೂತು, ಎಷ್ಟೋ ವರ್ಷದ ಹಿಂದೆ ಬೆಲ್ಟಿಗೆ ಯಜಮಾನರ ಪಂಚೆ ಸಿಕ್ಕಿಕೊಂಡು ಅವರು ಚಡ್ಡಿಯಲ್ಲೇ ಮನೆಗೆ ಓಡಿದ ಕಥೆಯನ್ನು ತುಂಡುತುಂಡಾಗಿ ಹೇಳಿದ. ನಗು ಉಸಿರನ್ನು ತಿಂದುಹಾಕಿತು. ಆದರೂ ಹೇಳಿ ಮುಗಿಸಿದ.

ಗೆರೆಗೆ ಗೆರೆ ಕೂಡುತ್ತಿತ್ತು, ಆದರೆ ಕಲ್ಲಿಗೆ ಕಲ್ಲು ಕೂಡುತ್ತಿರಲಿಲ್ಲ. ತಿರುಪು ಹಳೆಯದು, ಒಳಗೆ ಸವೆದು ಸಡಿಲವಾಗಿತ್ತು. ಒಂದು ಸಲ ಹಿಟ್ಟು ತರಿತರಿ. ಇನ್ನೊಂದು ಸಲ ಬಿಗಿ ಹೆಚ್ಚಾಗಿ, ಬಿಸಿಯಾಗಿ, ಸುಟ್ಟ ವಾಸನೆ. ತಮ್ಮ ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದ. ಆ ಬೆರಳಿಗೆ ಅದು ತಿಳಿಯುತ್ತಿರಲಿಲ್ಲ. ತಟ್ಟೆ ಹಿಡಿದು ಮೇಲೆ ಹೋಗೋಣವೆಂದರೆ ದಿನಕ್ಕೆ ಎಷ್ಟು ಸಲ? ಚೀಲ ಮುಗಿದು ಮುಂದಿನ ಗಿರಾಕಿ ಬರುವವರೆಗೆ ಗಿರಣಿ ನಿಲ್ಲಿಸಲೇಬೇಕು, ಸುಮ್ಮನೆ ಓಡಿಸಿದರೆ ಯಜಮಾನರು ಸುಮ್ಮನಿರುವವರಲ್ಲ.

ಬೇಕರಿಯವನು ಬಂದ. ಚೀಲವನ್ನು ಬಾಗಿಲಲ್ಲೇ ಇಳಿಸಿ, ಒಂದು ಹಿಡಿ ತೆಗೆದು ತಮ್ಮನ ಮುಂದೆ ಹಿಡಿದ.

"ಬಿಳಿಯಪ್ಪ, ಇದು ಹಿಟ್ಟೋ, ಗೋಡೆಗೆ ಬಳಿಯೋ ಗಾರೆಯೋ? ನನ್ನ ಬ್ರೆಡ್ಡು ಎದ್ದೇಳ್ತಿಲ್ಲ ಮಾರಾಯ. ಮಕ್ಕಳು ಅದರಲ್ಲಿ ಬ್ಯಾಟಿಂಗ್ ಮಾಡಬಹುದು."

"ಒಂದೆರಡು ದಿನ ತಾಳ್ಕೊಳ್ಳಿ, ಹೊಸ ಸ್ಟಾರ್ಟರು..."

"ನಿಮ್ಮಪ್ಪ ಇದ್ದಾಗ ಹೀಗಿರಲಿಲ್ಲ."

"ಅಪ್ಪ ಇದ್ದಾರೆ" ಎಂದ ತಮ್ಮ ಮೆಲ್ಲಗೆ. "ಮೇಲೇ ಇದ್ದಾರೆ."

ಬೇಕರಿಯವನು ಮುಜುಗರಪಟ್ಟು ಮೇಲೆ ನೋಡಿದ. ಚೀಲವನ್ನು ಮಾತ್ರ ಅಲ್ಲೇ ಬಿಟ್ಟು ಹೋದ. ಮಾರನೆಯ ದಿನ ಯಜಮಾನರು ಬಂದು ಗಿರಣಿಯ ಗೋಡೆಗಳನ್ನು ಅಳೆಯುವವರ ಹಾಗೆ ಸುತ್ತಲೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಸಂಜೆ ಅಪ್ಪ ಹಿಟ್ಟು ತರಲು ಹೇಳಿದ. ಇಬ್ಬರು ಮಕ್ಕಳೂ ಮಂಚದ ಪಕ್ಕ ನಿಂತರು. ಅವನು ಬೆರಳ ನಡುವೆ ಉಜ್ಜಿದ, ಬಹಳ ಹೊತ್ತು, ಏನನ್ನೋ ಹುಡುಕುವವನಂತೆ. ಆಮೇಲೆ ಬೆರಳುಗಳನ್ನು ಹೊದಿಕೆಗೆ ಒರೆಸಿಕೊಂಡ.

"ಹಳೇದನ್ನೇ ಹಾಕು."

"ಅಪ್ಪ, ಇನ್ನೊಂದು ನಾಲ್ಕು ದಿನ ಬಿಡು. ತಿರುಪು ಹೊಸದು ಮಾಡಿಸ್ತೀನಿ..."

"ತಿರುಪಲ್ಲ ಕಣಮ್ಮ." ಕಾದಳು. "ಅವನ ಬೆರಳು. ಅದು ಬರೋಕೆ ವರ್ಷಗಟ್ಟಲೆ ಬೇಕು. ಅಷ್ಟು ದಿನ ಬೇಕರಿಯವನು ಕಾಯ್ತಾನಾ? ನಾನು ಕಾಯ್ತೀನಾ?"

ತಮ್ಮ ಕಿಟಕಿಯ ಕಡೆ ತಿರುಗಿದ.

"ನಿನಗೆ ಮೊದಲೇ ಗೊತ್ತಿತ್ತು" ಎಂದಳು ಅವಳು. "ಆವತ್ತು ಕಡ್ಡಿ ಇಟ್ಟು ತೋರಿಸಿದಾಗ. ಬರೀ ಕಲ್ಲು ಅಂದಾಗ."

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

ಯಂತ್ರ ತುಂಬಿಕೊಂಡಿತು, ಬಿಟ್ಟಿತು. "ನೀನು ಗುನುಗುತ್ತಾ ಇದ್ದೆ" ಎಂದ ಅಪ್ಪ.

ಅವಳು ಹಳೆಯ ಸ್ಟಾರ್ಟರನ್ನು ಗೋಡೆಗೆ ಮತ್ತೆ ಕೂರಿಸಿದಳು. ಪಟ್ಟಿಗಳನ್ನು ಹಾಕಿ ಸುರುಳಿಗಳನ್ನು ಡೆಲ್ಟಾಗೆ ಬೆಸೆದಳು. ತಟ್ಟೆ ಮೇಲೆ ಕೆಳಗೆ ಓಡಾಡಿತು, ನಟ್ಟಿಗೆ ಬೀಗ ಬಿತ್ತು. ಸ್ಟಾರ್-ಡೆಲ್ಟಾ ಪೆಟ್ಟಿಗೆ ಮೂಲೆಯಲ್ಲಿ ಕೂತಿತು. ತಿಂಗಳೊಪ್ಪತ್ತಿನಲ್ಲಿ ಅದಕ್ಕೆ ಹೊಸ ಜೇಡ ಬಂತು. ಮಾಡಲು ಅವಳಿಗೆ ಉಳಿದದ್ದು ಒಂದೇ: ಸಿಲಿಂಡರಿನ ಬಿಗಿ ತಿರುಪಿಗೆ ಉದ್ದನೆಯ ಹಿಡಿ ಬೆಸುಗೆ ಹಾಕಿಸಿ ತಂದಳು, ಯಂತ್ರ ಸಿಲಿಂಡರು ಎರಡಕ್ಕೂ ಸೇರುವಂತೆ ಕೊಳವೆಗೆ ಕವಲು ಹಾಕಿದಳು. ಈಗ ಅಪ್ಪ ತಾನೇ ಬದಲಾಯಿಸಿಕೊಳ್ಳಬಹುದು. ಗುಂಡಿ ಒತ್ತುವ ಮೊದಲು ತಮ್ಮ ಮೇಲಿನ ಕೋಣೆಗೆ ಹೋಗುವ ಪೈಪನ್ನು ಸ್ಪ್ಯಾನರಿನಿಂದ ಬಡಿಯಬೇಕು, ಅಪ್ಪ ಸಿಲಿಂಡರಿಗೆ ಬದಲಾಯಿಸಿಕೊಂಡು, ಕೋಲಿನಿಂದ ನೆಲಕ್ಕೆ ಎರಡು ಸಲ ತಟ್ಟಬೇಕು, ಆಮೇಲೆಯೇ ಗಿರಣಿ. ಮತ್ತೆ ಕೀಂಯ್, ಮತ್ತೆ ಯಂತ್ರ ಹಾಕುವುದು, ಮತ್ತೆ ಕಾಯುವುದು. ಹಿಟ್ಟು ಹಳೆಯ ಹಾಗೆ ಬರತೊಡಗಿತು. ಬೇಕರಿಯವನೂ ಬರತೊಡಗಿದ. ದಿನಗಳೊಂದಿಗೆ ಅಪ್ಪನ ತಟ್ಟು ನಿಧಾನವಾಗುತ್ತಾ ಹೋಯಿತು. ಬದಲಾಯಿಸಿಕೊಳ್ಳುವ ಶ್ರಮಕ್ಕೇ ಅವನ ಉಸಿರು ಖರ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಅಂಗಡಿಗೆ ಫೋನು ಮಾಡಿದ. "ಅಕ್ಕ, ಬಾ." ಅಷ್ಟೇ ಹೇಳಿದ.

ಅವಳು ಬಂದಾಗ ಗಿರಣಿ ನಿಂತಿತ್ತು. ಬೇಕರಿಯವನೂ ಇನ್ನಿಬ್ಬರು ಗಿರಾಕಿಗಳೂ ಚೀಲಗಳ ಮೇಲೆ ಕೂತಿದ್ದರು. ತಮ್ಮ ಸ್ಟಾರ್ಟರಿನ ಪಕ್ಕ ನಿಂತಿದ್ದ, ಕೈಯಲ್ಲಿ ಸ್ಪ್ಯಾನರು.

"ಎಷ್ಟೋ ಸಲ ಬಡಿದೆ. ತಟ್ಟಲಿಲ್ಲ."

"ಮೇಲೆ ಹೋಗಿ ನೋಡಿದ್ಯಾ?"

ಅವನು ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡಿದ. ರೆಪ್ಪೆಯ ಮೇಲಿನ ಹಿಟ್ಟು ಒದ್ದೆಯಾಗಿತ್ತು. ಅವನ ಮುಖ ನೋಡಿದ ಬೇಕರಿಯವನು ಎಂದಿನಂತೆ ಚೇಷ್ಟೆ ಮಾಡಲಿಲ್ಲ.

ಮೆಟ್ಟಿಲು ಹತ್ತುವಾಗ ಅವಳಿಗೆ ಆಕ್ಸಿಜನ್ ಯಂತ್ರ ನೆಮ್ಮದಿಯಾಗಿ ಉಸಿರಾಡುವುದು ಕೇಳಿಸುತ್ತಿತ್ತು. ಯಂತ್ರಕ್ಕೇನು, ಎದುರಿಗೆ ಮೂಗಿರಲಿ ಬಿಡಲಿ, ಅದು ಹಾಗೆಯೇ ಊದುತ್ತದೆ.

ಅಪ್ಪ ಕೂತಿದ್ದ. ಕಣ್ಣು ತೆರೆದಿತ್ತು. ಕೋಲು ತೊಡೆಯ ಮೇಲೆ ಅಡ್ಡ ಮಲಗಿತ್ತು. ಕೊಳವೆ ಮೂಗಿನಲ್ಲೇ ಇತ್ತು. ಸಿಲಿಂಡರಿನ ಹಿಡಿಯನ್ನು ಮುಟ್ಟಿರಲಿಲ್ಲ.

ಅವಳು ಹೊಸ್ತಿಲಲ್ಲೇ ಕೂತಳು. "ಅಪ್ಪ, ಅವನು ಅಷ್ಟೊತ್ತಿಂದ ಬಡೀತಿದ್ದಾನೆ."

"ಕೇಳಿಸ್ತು."

ಅವಳು ಕಾದಳು.

"ನಾನು ತಟ್ಟದಿದ್ರೆ ಅವನು ಹಾಕಲ್ಲ" ಎಂದ ಅಪ್ಪ. ಶಾಲೆ ತಪ್ಪಿಸಿಕೊಂಡು ಬಂದ ಹುಡುಗ ಸಣ್ಣ ಗುಟ್ಟು ಹೇಳುವ ದನಿ. "ಒಂದು ಸ್ವಲ್ಪ ಹೊತ್ತು... ಹೀಗೇ ಇರೋಣ ಅನ್ನಿಸ್ತು."

ಅವಳು ಎದ್ದು ಹೋಗಿ ಮಂಚದ ಮೇಲೆ ಕೂತಳು. ಯಂತ್ರ ತುಂಬಿಕೊಂಡಿತು, ಬಿಟ್ಟಿತು. ಬಲ್ಬು ಅಲುಗದೆ ಉರಿಯುತ್ತಿತ್ತು. ಹೊರಗೆ ಬಿಸಿಲಿಗೆ ಯಾರದೋ ಬಟ್ಟೆ ಒಣಗುತ್ತಿತ್ತು. ಇಷ್ಟನ್ನೇ ಅವಳು ಆ ಪೆಟ್ಟಿಗೆಯಿಂದ ಕೇಳಿದ್ದು.

ಕೆಳಗೆ ಚೀಲ ಎಳೆದ ಸದ್ದಾಯಿತು. ಒಬ್ಬ ಗಿರಾಕಿ ಹೊರಟಿರಬೇಕು. ಆಮೇಲೆ ಇನ್ನೊಂದು ಚೀಲ. ಬೇಕರಿಯವನ ದನಿ ಕೇಳಿಸಿತು, ಬೇಸರದ್ದಲ್ಲ, ಮರ್ಯಾದೆಯದ್ದು: "ಇರಲಿ ಬಿಡಪ್ಪ, ಇವತ್ತು ಅಲ್ಲೇ ದೊಡ್ಡ ಗಿರಣೀಲಿ ತಗೋತೀನಿ. ನೀನು ಅಪ್ಪನ್ನ ನೋಡು." ತಮ್ಮ ಏನೋ ಅಂದ. ಏನೆಂದು ತಿಳಿಯಲಿಲ್ಲ.

ಅಪ್ಪ ಕಣ್ಣು ಮುಚ್ಚಿಕೊಂಡ. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು, ನಡುವೆ ಏನೂ ಇರಲಿಲ್ಲ. ಆಮೇಲೆ ಅವನು ಕೋಲು ಎತ್ತಿಕೊಂಡ.

"ಅಪ್ಪ, ಬೇಡ."

"ಬೇಕರಿಯವನು ಹೋಗಿಬಿಡ್ತಾನೆ ಕಣಮ್ಮ."

ಅವಳು ಕೋಲನ್ನು ಹಿಡಿದುಕೊಂಡಳು. ಅವನು ಎಳೆಯಲಿಲ್ಲ, ಎಳೆಯುವಷ್ಟು ಬಲವೂ ಇರಲಿಲ್ಲ. ಅವಳನ್ನು ನೋಡುತ್ತಾ ಸುಮ್ಮನೆ ಕಾದ. ಕೆಳಗೆ ಮೂರನೆಯ ಚೀಲ ಬಾಗಿಲ ಕಡೆಗೆ ಸರಿಯುವುದು ಇಬ್ಬರಿಗೂ ಕೇಳಿಸುತ್ತಿತ್ತು. ಅವಳ ಬೆರಳುಗಳು ಒಂದೊಂದಾಗಿ ಕೋಲನ್ನು ಬಿಟ್ಟವು.

ಅವನು ನೆಲಕ್ಕೆ ತಟ್ಟಿದ. ಒಂದು. ನಡುವೆ ಉಸಿರು ತೆಗೆದುಕೊಂಡು, ಇನ್ನೊಂದು.

ಚೀಲದ ಸದ್ದು ನಿಂತಿತು. ಅವಳು ಕವಲನ್ನು ತಿರುಗಿಸಿ ಸಿಲಿಂಡರಿನ ಹಿಡಿಯ ಮೇಲೆ ಕೈಯಿಟ್ಟು ಬಿಚ್ಚಿದಳು. ಸಿಲಿಂಡರಿನ ಮಾಪಕದ ಮುಳ್ಳು ಖಾಲಿಯ ಗೆರೆಯ ಹತ್ತಿರ ಇತ್ತು. ಕೆಳಗೆ ಮೋಟರು ಕಚ್ಚಿಕೊಂಡ ಕಾಳನ್ನು ಒದ್ದು ಎದ್ದಿತು. ಬಲ್ಬು ಕೆಂಪಗಾಯಿತು, ಯಂತ್ರ ಗೊಣಗಿ ನಿಂತು ಕೂಗತೊಡಗಿತು. ಆ ಕೆಂಪು ಬೆಳಕಿನಲ್ಲಿ ಅಪ್ಪ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕಿವಿ ಮಾತ್ರ ನೆಲದ ಕಡೆಗಿತ್ತು, ಕಲ್ಲಿನ ಸದ್ದು ಸರಿಯಾಗಿ ಕೂತಿದೆಯೇ ಎಂದು ಕೇಳಿಸಿಕೊಳ್ಳುತ್ತಿತ್ತು.